ಬೆಲೆ ಏರಿಸಿ, ಆದರೆ ಹಳಬರಿಗೆ ಮೊದಲು ಹೇಳಿ

ಕಳೆದ ವರ್ಷ ಜೂನ್ 1ರ ಬೆಳಗ್ಗೆ ನಮ್ಮ ನಾಲ್ವರ ಫೋನೂ ಒಟ್ಟಿಗೆ ಬಡ್ಕೊಳ್ಳೋಕೆ ಶುರುವಾಯ್ತು. ಟ್ಯೂಷನ್ ಸೆಂಟರ್‌ಗಳಿಗೆ ಅಂತ ನಾವೊಂದು ಸಾಫ್ಟ್‌ವೇರ್ ಮಾಡಿದ್ದೀವಿ. ಹಾಜರಿ ಹಾಕೋದು, ಫೀಸಿನ ಲೆಕ್ಕ ಇಡೋದು, ಅಪ್ಪ ಅಮ್ಮಂದಿರಿಗೆ ಎಸ್ಸೆಮ್ಮೆಸ್ ಕಳಿಸೋದು, ಇಷ್ಟೇ ಅದರ ಕೆಲಸ. ತುಮಕೂರು, ಹಾಸನದ ಕಡೆಯ 200 ಸೆಂಟರ್‌ಗಳು ತಿಂಗಳಿಗೆ 300 ರೂಪಾಯಿ ಕಟ್ಟಿ ಬಳಸ್ತಿದ್ವು. ಹಿಂದಿನ ರಾತ್ರಿ ನಾವು ಡೇಟಾಬೇಸ್‌ನಲ್ಲಿ ಒಂದೇ ಒಂದು ಸಾಲು ಓಡಿಸಿದ್ವಿ:

```sql
UPDATE plans SET price = 450 WHERE name = 'basic';
```

ಬೆಲೆ ಏರಿಸೋದು ಇಷ್ಟು ಸುಲಭ ಅಂದ್ಕೊಂಡಿದ್ವಿ. ಐದು ದಿನ ಮುಂಚೆ ಒಂದು ಇಮೇಲ್ ಹಾಕಿದ್ದು ಬಿಟ್ಟರೆ ಬೇರೆ ತಯಾರಿ ಇರಲಿಲ್ಲ, ಅದನ್ನ ಬಹಳ ಜನ ಓದೂ ಇರಲಿಲ್ಲ. ಹೆಚ್ಚಿನವರು ಯುಪಿಐ ಆಟೋಪೇ ಇಟ್ಟಿದ್ರು. ಆಟೋಪೇಗೆ ಒಪ್ಪಿಗೆ ಕೊಡುವಾಗ ಒಂದು ಗರಿಷ್ಠ ಮೊತ್ತ ಇರುತ್ತೆ, ನಮ್ಮದರಲ್ಲಿ ಅದು 300. ಆ ಮಿತಿ ದಾಟಿದ ಹಣ ತಾನಾಗಿ ಕಡಿತ ಆಗೋದಿಲ್ಲ, ಗ್ರಾಹಕರು ಮತ್ತೆ ಪಿನ್ ಒತ್ತಿ ಹೊಸದಾಗಿ ಒಪ್ಪಬೇಕು. 450ರ ಬಿಲ್‌ಗಳೆಲ್ಲ ಸಾಲಾಗಿ ಫೇಲ್ ಆದ್ವು. ಹಣ ಬರಲಿಲ್ಲ ಅಂದ್ರೆ ಖಾತೆ ಲಾಕ್ ಮಾಡು ಅಂತ ನಾವೇ ಕೋಡ್ ಬರೆದಿದ್ವಿ, ಅದೂ ತನ್ನ ಕೆಲಸ ಮಾಡ್ತು. ಹೊಸ ಬ್ಯಾಚ್ ಶುರುವಾಗಿ ಫೀಸು ಕಟ್ಟಿಸಿಕೊಳ್ಳೋ ದಿನವೇ ಸುಮಾರು 150 ಸೆಂಟರ್‌ಗಳಿಗೆ ಲೆಕ್ಕದ ಪುಸ್ತಕವೇ ತೆರೀಲಿಲ್ಲ.

ಮೂರು ವರ್ಷದಿಂದ ನಮ್ಮ ಜೊತೆಗಿರೋ ಒಬ್ಬ ಗಣಿತದ ಮೇಷ್ಟ್ರು ಫೋನ್ ಮಾಡಿ ಒಂದೇ ಮಾತು ಅಂದ್ರು: "ನೂರೈವತ್ತು ದೊಡ್ಡದಲ್ಲ ಕಣ್ರಪ್ಪಾ. ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಸಂಜೆಯೊಳಗೆ ಎಲ್ಲಾ ವಾಪಸ್ ಮಾಡಿ ಕ್ಷಮೆ ಕೇಳಿದ್ವಿ. ಆದ್ರೂ ಆ ತಿಂಗಳು 14 ಸೆಂಟರ್‌ಗಳು ಬಿಟ್ಟುಹೋದ್ವು. ಮಾಮೂಲಾಗಿ ತಿಂಗಳಿಗೆ ನಾಲ್ಕು ಹೋಗ್ತಿದ್ವು.

ನಮ್ಮ ಕ್ಯಾಂಪಸ್‌ನಲ್ಲಿ ಈಗ ಒಂದಲ್ಲ ಒಂದು ಆಪ್ ಮಾಡಿ ಚಂದಾ ಕೇಳೋ ತಂಡಗಳು ಬೇಕಾದಷ್ಟಿವೆ. ಅದಕ್ಕೇ ಈ ಬರಹ. ನಮ್ಮ ವಾದ ಇದು: ಬೆಲೆ ಏರಿಸೋದು ತಪ್ಪಲ್ಲ. ಹಳಬರಿಗೆ ಆಜೀವ ಹಳೇ ಬೆಲೆ ಕೊಡಲೇಬೇಕು ಅಂತನೂ ಇಲ್ಲ. ಅವರಿಗೆ ಕೊಡಬೇಕಾದ್ದು ಸಮಯ ಮತ್ತು ಆಯ್ಕೆ. ಇದನ್ನ ಒಳ್ಳೆಯತನ ಅಂತ ಹೇಳ್ತಿಲ್ಲ, ಲೆಕ್ಕ ಹಾಕಿದ್ರೂ ಅದೇ ಉತ್ತರ ಬರುತ್ತೆ.

ಮೊದಲು ನಾವು ಹಾಕಿದ ತಪ್ಪು ಲೆಕ್ಕ ನೋಡಿ. ಒಬ್ಬ ಗ್ರಾಹಕರಿಗೆ ಸರ್ವರ್ ಮತ್ತು ಎಸ್ಸೆಮ್ಮೆಸ್ ಸೇರಿ ನಮಗೆ ತಿಂಗಳಿಗೆ 60 ರೂಪಾಯಿ ಖರ್ಚು. ಅಂದ್ರೆ 300ರಲ್ಲಿ ಉಳಿಯೋದು 240, 450 ಆದ್ರೆ 390. 240ನ್ನು 390ರಿಂದ ಭಾಗಿಸಿದ್ರೆ 0.615. ಹಾಗಾಗಿ ನೂರಕ್ಕೆ 38 ಜನ ಬಿಟ್ಟುಹೋದ್ರೂ ಆ ತಿಂಗಳ ಲಾಭ ಕಮ್ಮಿ ಆಗಲ್ಲ. ಇದನ್ನ ನೋಡಿ ನಮಗೆ ಧೈರ್ಯ ಬಂದಿತ್ತು. ಇಷ್ಟು ಜನ ಯಾಕೆ ಹೋಗ್ತಾರೆ, ಹೋದ್ರೂ ನಷ್ಟ ಇಲ್ಲವಲ್ಲ ಅಂತ.

ಆದ್ರೆ ಚಂದಾ ವ್ಯಾಪಾರದಲ್ಲಿ ಒಂದು ತಿಂಗಳ ಲಾಭ ನೋಡೋದಲ್ಲ, ಒಬ್ಬ ಗ್ರಾಹಕರು ಎಷ್ಟು ತಿಂಗಳು ಇರ್ತಾರೆ ಅಂತ ನೋಡ್ಬೇಕು. ತಿಂಗಳಿಗೆ ನೂರಕ್ಕೆ 2 ಜನ ಬಿಟ್ಟುಹೋದ್ರೆ ಒಬ್ಬರು ಸರಾಸರಿ 1 ÷ 0.02, ಅಂದ್ರೆ 50 ತಿಂಗಳು ಇರ್ತಾರೆ. 240 × 50 = 12,000 ರೂಪಾಯಿ. ಈಗ ಹೊಸ ಬೆಲೆಗೆ ಇದೇ 12,000 ಬರೋಕೆ 390ನ್ನು 12,000ದಿಂದ ಭಾಗಿಸಿ: 0.0325. ತಿಂಗಳಿಗೆ ಬಿಟ್ಟುಹೋಗೋರು ನೂರಕ್ಕೆ 2ರಿಂದ 3.25ಕ್ಕೆ ಏರಿದ್ರೆ ಸಾಕು, ಏರಿಸಿದ ಬೆಲೆಯ ಲಾಭ ಪೂರ್ತಿ ಹೋಯ್ತು. ಬೆಲೆ ಐವತ್ತು ಪರ್ಸೆಂಟ್ ಏರಿಸಿದ್ವಿ, ಅದನ್ನ ನುಂಗೋಕೆ ಬೇಕಾದ್ದು ಒಂದೂಕಾಲು ಪರ್ಸೆಂಟ್.

ಇದರ ಕಷ್ಟ ಏನಂದ್ರೆ, ಅದು ಕಣ್ಣಿಗೆ ಬೀಳಲ್ಲ. 200 ಜನರಲ್ಲಿ 2 ಪರ್ಸೆಂಟ್ ಅಂದ್ರೆ 4 ಜನ, 3.25 ಅಂದ್ರೆ ಆರೇಳು ಜನ. ಒಂದು ತಿಂಗಳು ನಾಲ್ಕರ ಬದಲು ಆರು ಜನ ಹೋದ್ರೆ ಅದು ಬೆಲೆಯಿಂದಲೋ ಕಾಕತಾಳೀಯವೋ ಯಾರೂ ಹೇಳೋಕಾಗಲ್ಲ. ಐದಾರು ತಿಂಗಳು ಕಾಯಲೇಬೇಕು. ಮೊದಲ ತಿಂಗಳು ಗಲಾಟೆ ಆಗಲಿಲ್ಲ ಅಂತ ಪಾರ್ಟಿ ಮಾಡಬೇಡಿ.

ಇನ್ನು ಹಳಬರನ್ನ ಶಾಶ್ವತವಾಗಿ ಹಳೇ ಬೆಲೆಯಲ್ಲೇ ಬಿಡೋ ದಾರಿ. ಇದಕ್ಕೆ ಪ್ರಸಿದ್ಧ ಉದಾಹರಣೆ ಝೆನ್‌ಡೆಸ್ಕ್. 2010ರಲ್ಲಿ ಅವರು ಹಳೇ ಗ್ರಾಹಕರಿಗೂ ಸೇರಿಸಿ ಬೆಲೆ ಏರಿಸಿದ್ರು, ಜನ ತಿರುಗಿಬಿದ್ರು, ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಹಳಬರಿಗೆ ಹಳೇ ದರವನ್ನೇ ಉಳಿಸಿದ್ರು. ಬೆಂಕಿ ಆರಿಸೋಕೆ ಅದು ಸರಿ. ಆದ್ರೆ ನಮ್ಮಂಥ ಚಿಕ್ಕ ತಂಡಕ್ಕೆ ಅದನ್ನೇ ನೀತಿ ಮಾಡ್ಕೊಳ್ಳೋದು ಕಷ್ಟ. ನಮ್ಮ ಗ್ರಾಹಕರಲ್ಲಿ ಬಹುಪಾಲು ಹಳಬರೇ. ಎಸ್ಸೆಮ್ಮೆಸ್ ಖರ್ಚು ಏರ್ತಾ ಹೋದಾಗ ಅದನ್ನ ಬರೀ ಹೊಸಬರ ಮೇಲೆ ಹಾಕಿದ್ರೆ, ಅವರ ಬೆಲೆಯನ್ನ ಅನ್ಯಾಯ ಅನ್ನಿಸೋಷ್ಟು ಏರಿಸಬೇಕಾಗುತ್ತೆ. ಒಂದೇ ಊರಿನ ಇಬ್ಬರು ಮೇಷ್ಟ್ರು ಟೀ ಅಂಗಡಿಯಲ್ಲಿ ಸಿಕ್ಕಾಗ ಆ ವ್ಯತ್ಯಾಸ ಹೊರಗೆ ಬಂದೇ ಬರುತ್ತೆ.

ನಮಗೆ ಹೆಚ್ಚು ಕಲಿಸಿದ್ದು ಜೆಟ್‌ಬ್ರೈನ್ಸ್. ಪೈಚಾರ್ಮ್, ಇಂಟೆಲಿಜೆ ಮಾಡೋರು, ವಿದ್ಯಾರ್ಥಿ ಲೈಸೆನ್ಸ್ ಪುಕ್ಕಟೆ ಕೊಡೋದ್ರಿಂದ ನಮ್ಮಲ್ಲಿ ಅನೇಕರ ಲ್ಯಾಪ್‌ಟಾಪ್‌ನಲ್ಲಿ ಇರೋದೇ. 2015ರಲ್ಲಿ ಅವರು ಒಂದೇ ಸಲ ಕೊಳ್ಳೋ ಲೈಸೆನ್ಸ್ ಬಿಟ್ಟು ಚಂದಾಕ್ಕೆ ಹೋಗ್ತೀವಿ ಅಂದಾಗ ಡೆವಲಪರ್‌ಗಳು ರೇಗಿದ್ರು. ಚಂದಾ ನಿಲ್ಲಿಸಿದ್ರೆ ಕೈಯಲ್ಲಿ ಏನೂ ಉಳಿಯಲ್ಲ ಅನ್ನೋದು ಅವರ ತಕರಾರು. ಎರಡು ವಾರದಲ್ಲಿ ಕಂಪನಿ ಯೋಜನೆ ಬದಲಿಸಿತು: ಒಂದು ವರ್ಷ ಕಟ್ಟಿದವರು ಆಮೇಲೆ ಬಿಟ್ಟರೂ ಒಂದು ಹಳೇ ಆವೃತ್ತಿಯನ್ನ ಸದಾಕಾಲ ಬಳಸಬಹುದು. ಜೊತೆಗೆ ಬಿಡದೆ ಮುಂದುವರಿಸೋರಿಗೆ ಎರಡನೇ ವರ್ಷ ನೂರಕ್ಕೆ 20, ಮೂರನೇ ವರ್ಷದಿಂದ 40 ರಿಯಾಯಿತಿ. 2022ರಲ್ಲಿ ಅವರೇ ಬೆಲೆ ಏರಿಸಿದಾಗ ಅಕ್ಟೋಬರ್ 1ರಿಂದ ಅಂತ ತಿಂಗಳುಗಳ ಮುಂಚೆಯೇ ದಿನಾಂಕ ಹೇಳಿದ್ರು. ಒಬ್ಬ ವ್ಯಕ್ತಿಗೆ ಇಂಟೆಲಿಜೆಯ ಮೊದಲ ವರ್ಷದ ಬೆಲೆ 149 ಡಾಲರ್‌ನಿಂದ 169ಕ್ಕೆ ಹೋಗೋದಿತ್ತು. ಬೇಕಾದವರು ಅಷ್ಟರೊಳಗೆ ಮೂರು ವರ್ಷದವರೆಗಿನ ಚಂದಾವನ್ನ ಹಳೇ ಬೆಲೆಗೇ ಕಟ್ಟಿಡಬಹುದಿತ್ತು. ಬೆಲೆ ಎಲ್ಲರಿಗೂ ಏರಿತು. ಆದ್ರೆ ಯಾವಾಗಿಂದ ಏರಬೇಕು ಅನ್ನೋದರಲ್ಲಿ ಗ್ರಾಹಕರಿಗೂ ಒಂದು ಮಾತು ಇತ್ತು.

ನಾವು ಎರಡನೇ ಸಲ ಇದೇ ದಾರಿ ಹಿಡಿದ್ವಿ. ಮೊದಲು ಕೋಡ್ ಸರಿ ಮಾಡಿದ್ವಿ. ಬೆಲೆ ಪ್ಲಾನ್‌ನಲ್ಲಿ ಇರಬಾರದು, ಪ್ರತಿ ಗ್ರಾಹಕರ ಚಂದಾದ ಸಾಲಿನಲ್ಲೇ ಇರಬೇಕು, ಯಾವ ದಿನದವರೆಗೆ ಅನ್ನೋದೂ ಅಲ್ಲೇ. ಸ್ಟ್ರೈಪ್‌ನಂಥ ಪೇಮೆಂಟ್ ವ್ಯವಸ್ಥೆಯಲ್ಲಿ ಒಮ್ಮೆ ಮಾಡಿದ ಬೆಲೆಯ ಮೊತ್ತ ತಿದ್ದೋಕೇ ಬರಲ್ಲ, ಹೊಸದೊಂದು ಬೆಲೆ ಸೃಷ್ಟಿಸಬೇಕು. ಯಾಕೆ ಅಂತ ಜೂನ್ 1ರ ನಂತರ ನಮಗೆ ಅರ್ಥ ಆಯ್ತು. ಹಣ ಬರದಿದ್ರೆ ತಕ್ಷಣ ಲಾಕ್ ಮಾಡೋ ಕೋಡನ್ನೂ ತೆಗೆದು 15 ದಿನದ ಗಡುವು ಇಟ್ವಿ.

ಆಗಸ್ಟ್‌ನಲ್ಲಿ ಹೊಸಬರಿಗೆ ಮಾತ್ರ 450 ಮಾಡಿದ್ವಿ. ಯಾವ ಹಳೇ ಋಣವೂ ಇಲ್ಲದವರು ಆ ಬೆಲೆಗೆ ಸೇರ್ತಾರಾ ಅಂತ ನೋಡೋದು ಮೊದಲ ಪರೀಕ್ಷೆ. ಅವರೇ ಸೇರದಿದ್ರೆ ಬೆಲೆಯೇ ತಪ್ಪು, ಹಳಬರ ತಂಟೆಗೆ ಹೋಗಲೇಬಾರದು. ಸೇರಿದ್ರು. ಅದೇ ತಿಂಗಳು ಹಳಬರಿಗೆ ಇಮೇಲ್, ಎಸ್ಸೆಮ್ಮೆಸ್ ಎರಡೂ ಹೋಯ್ತು: ಈಗ 300, ನವೆಂಬರ್ 1ರಿಂದ 450, ಎಸ್ಸೆಮ್ಮೆಸ್ ಖರ್ಚು ಏರಿದ್ದೇ ಕಾರಣ, ಅಷ್ಟರೊಳಗೆ 3,600 ಕಟ್ಟಿದ್ರೆ ಇನ್ನೊಂದು ವರ್ಷ ಹಳೇ ಬೆಲೆ, ಬೇಡ ಅಂದ್ರೆ ನಿಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್ ಫೈಲ್‌ನಲ್ಲಿ ತಗೊಂಡು ಹೋಗಬಹುದು. "ನಿಮಗೆ ಇನ್ನೂ ಉತ್ತಮ ಸೇವೆ ನೀಡಲು" ಅನ್ನೋ ಸಾಲನ್ನ ಬರೆದು ಅಳಿಸಿದ್ವಿ. ಅದನ್ನ ಓದಿದ ಯಾರಿಗೂ ನಂಬಿಕೆ ಬರಲ್ಲ. ಮೂರು ವರ್ಷ ದಾಟಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದ್ವಿ. ಆಟೋಪೇಗೆ ಹೊಸ ಒಪ್ಪಿಗೆ ಹೇಗೂ ಬೇಕಿತ್ತು. ನಮ್ಮ ದೇಶದಲ್ಲಿ ಗ್ರಾಹಕರ ಕೈ ಪಿನ್ ಮೇಲೆ ಹೋಗದೆ ಇಂಥ ಬೆಲೆ ಏರಲ್ಲ. ಅಂದ್ರೆ ಮುಂದುವರಿಸಬೇಕಾ ಅಂತ ಪ್ರತಿಯೊಬ್ಬರೂ ಮತ್ತೆ ಯೋಚಿಸ್ತಾರೆ. ಸದ್ದಿಲ್ಲದೆ ಏರಿಸೋ ಪ್ಲಾನ್ ಇದ್ದವರು ಇದನ್ನ ಮೊದಲೇ ತಿಳ್ಕೊಳ್ಳಿ.

ನವೆಂಬರ್ ಹೊತ್ತಿಗೆ ಹಳಬರು ಸುಮಾರು 180 ಇದ್ರು. 56 ಜನ ವರ್ಷದ ಹಣ ಕಟ್ಟಿದ್ರು, ಆ ಗಣಿತದ ಮೇಷ್ಟ್ರೂ ಅದರಲ್ಲಿದ್ರು. ಉಳಿದ 124 ಜನ ತಿಂಗಳಿಗೆ 450ಕ್ಕೆ ಬಂದ್ರು. ಐದು ತಿಂಗಳಲ್ಲಿ ಬಿಟ್ಟುಹೋದವರು 17. ಎಲ್ಲಾ 180ರ ಮೇಲೆ ಭಾಗಿಸಿದ್ರೆ ತಿಂಗಳಿಗೆ 2 ಪರ್ಸೆಂಟ್, ಏನೂ ಆಗೇ ಇಲ್ಲ ಅನ್ನಿಸುತ್ತೆ. ಆದ್ರೆ ವರ್ಷದ ಹಣ ಕಟ್ಟಿದವರು ಈಗ ಬಿಡೋಕೆ ಕಾರಣವೇ ಇಲ್ಲ, ಅವರನ್ನ ಲೆಕ್ಕಕ್ಕೆ ಸೇರಿಸೋದು ನಮಗೆ ನಾವೇ ಸುಳ್ಳು ಹೇಳ್ಕೊಂಡಂಗೆ. ತಿಂಗಳಿಗೆ ಕಟ್ಟೋರ ಮೇಲೆ ಮಾತ್ರ ಭಾಗಿಸಿದ್ರೆ ಸುಮಾರು 3. ನಮ್ಮ ಗಡಿ 3.25. ಗೆದ್ದಿದ್ದೀವಿ, ಆದ್ರೆ ಕೂದಲೆಳೆಯಲ್ಲಿ. ಇಷ್ಟೆಲ್ಲಾ ಮಾಡಿಯೂ ಇಷ್ಟೇ ಅಂದ್ರೆ, ಏನೂ ಮಾಡದೆ ಏರಿಸಿದ್ರೆ ಏನಾಗ್ತಿತ್ತು ಅನ್ನೋದಕ್ಕೆ ಜೂನ್ ತಿಂಗಳ 14 ಜನ ಇದ್ದಾರೆ.

ನಮ್ಮ ಈ ವಾದಕ್ಕೂ ಒಂದು ಮಿತಿ ಇದೆ. ನಮ್ಮ ನಿಜವಾದ ಪೈಪೋಟಿ ಬೇರೆ ಆಪ್ ಅಲ್ಲ, ಒಂದು ನೋಟ್‌ಬುಕ್ಕು ಮತ್ತು ವಾಟ್ಸಾಪ್ ಗ್ರೂಪು. ಮೂವತ್ತು ಮಕ್ಕಳಿರೋ ಸೆಂಟರ್‌ಗೆ ಅವೆರಡೇ ಸಾಕು, 450 ಹೆಚ್ಚೇ. ಎಷ್ಟು ಮುಂಚೆ ಹೇಳಿದ್ರೂ, ಎಷ್ಟು ನಯವಾಗಿ ಹೇಳಿದ್ರೂ ಅವರಿಗೆ ಅದು ಲಾಭ ಆಗಲ್ಲ. ಬಿಟ್ಟುಹೋದ 17ರಲ್ಲಿ ಹೆಚ್ಚಿನವರು ಅಂಥವರೇ. ಅವರಿಗೆ ಅಂತ ಎಸ್ಸೆಮ್ಮೆಸ್ ಇಲ್ಲದ 200ರ ಪ್ಲಾನ್ ಮೊದಲೇ ಇಡಬೇಕಿತ್ತು, ಈಗ ಇಡ್ತಿದ್ದೀವಿ.

ಅಕ್ಟೋಬರ್ ಕೊನೆಗೆ ಆ 56 ಜನರ ವರ್ಷ ಮುಗಿಯುತ್ತೆ. ಆಗಸ್ಟ್‌ನಲ್ಲೇ ಅವರಿಗೆ ಫೋನ್ ಮಾಡ್ತೀವಿ, ಮೊದಲು ಗಣಿತದ ಮೇಷ್ಟ್ರಿಗೆ.