ದೊಡ್ಡಮ್ಮನ ಮುಖದ ಸಿಡುಬಿನ ಕಲೆ ಎಲ್ಲಿ ಹೋಯಿತು?

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಕರಣ ನಡೆಯಿತು. ಪಿಯುಸಿ ಓದುತ್ತಿರುವ ನನ್ನ ತಮ್ಮನ ಮಗ ನಮ್ಮ ದೊಡ್ಡಮ್ಮನ, ಅಂದರೆ ನನ್ನ ತಾಯಿಯ ಅಕ್ಕನ, ಒಂದು ಹಳೆಯ ಫೋಟೋವನ್ನು ಮೊಬೈಲಿನಲ್ಲಿ ಹೊಸದು ಮಾಡಿ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದ. 1966ರಲ್ಲಿ ನನ್ನ ತಾಯಿಯ ಮದುವೆಯಲ್ಲಿ ತೆಗೆದ ಕಪ್ಪು ಬಿಳುಪು ಗುಂಪು ಚಿತ್ರ ಅದು. ಹಿಂದಿನ ಸಾಲಿನಲ್ಲಿ ಮಸುಕಾಗಿ ನಿಂತಿದ್ದ ದೊಡ್ಡಮ್ಮ ಈಗ ಬಣ್ಣ ಬಣ್ಣವಾಗಿ, ನಿನ್ನೆ ತಾನೇ ಸ್ಟುಡಿಯೋದಲ್ಲಿ ಕುಳಿತು ತೆಗೆಸಿಕೊಂಡವರಂತೆ ಕಾಣುತ್ತಿದ್ದರು. ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ, ಅಮೆರಿಕದಿಂದ ಕೈ ಮುಗಿಯುವ ಚಿತ್ರಗಳು ಬಂದವು. ದೊಡ್ಡಮ್ಮನನ್ನು ಕಣ್ಣಾರೆ ಕಂಡಿರದ ಮೊಮ್ಮಗಳೊಬ್ಬಳು "ನನ್ನ ಕಣ್ಣು ಥೇಟ್ ಅಜ್ಜಿಯದೇ" ಎಂದು ಬರೆದಳು. ಇನ್ನೊಬ್ಬರು ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಹೊರಟರು.

ಹುಡುಗ ಸಂತೋಷದಿಂದ ಮೊಬೈಲನ್ನು ನನ್ನ ತಾಯಿಗೆ ತೋರಿಸಿದ. ಎಂಬತ್ತು ದಾಟಿದ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಯಾರಪ್ಪಾ ಇದು? ಚೆನ್ನಾಗಿದ್ದಾಳೆ" ಎಂದರು.

"ಅಜ್ಜಿ, ನಿಮ್ಮ ಅಕ್ಕನೇ!"

"ನಮ್ಮಕ್ಕ ಅಲ್ಲ ಬಿಡು. ನಮ್ಮಕ್ಕನ ಮುಖದಲ್ಲಿ ಸಿಡುಬಿನ ಕಲೆ ಇತ್ತು. ಎಡಗಣ್ಣು ಸ್ವಲ್ಪ ಮೆಳ್ಳೆ. ಆವತ್ತು ಉಟ್ಟಿದ್ದು ಕೆಂಪು ಸೀರೆ, ಇಬ್ಬರಿಗೂ ಒಂದೇ ಅಂಗಡಿಯಲ್ಲಿ ತಂದದ್ದು. ಇವಳು ಹಸಿರು ಉಟ್ಟಿದ್ದಾಳಲ್ಲ?"

ಹುಡುಗನ ಮುಖ ಸಣ್ಣದಾಯಿತು. "ದೊಡ್ಡಪ್ಪ, ನಾನೇನೂ ಬದಲಾಯಿಸಿಲ್ಲ. ಒಂದು ಗುಂಡಿ ಒತ್ತಿದೆ ಅಷ್ಟೇ. ಅದೇ ಸ್ಪಷ್ಟ ಮಾಡಿಕೊಟ್ಟಿತು" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ 'ಸ್ಪಷ್ಟ ಮಾಡುವುದು' ಎಂಬ ಮಾತಿನಲ್ಲೇ ತೊಡಕಿದೆ. ಅದನ್ನು ಅವನ ಜೊತೆ ಕುಳಿತು ಲೆಕ್ಕ ಹಾಕಿ ನೋಡಿದೆವು.

ಅವನ ಬಳಿ ಇದ್ದದ್ದು ಮೂಲ ಫೋಟೋ ಅಲ್ಲ. ಆಲ್ಬಮ್ಮಿನ ಪುಟವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ. ಹಾಗೆ ಫೋಟೋ ಆಗಿ ಕಳಿಸುವಾಗ ಚಿತ್ರ ಸಾಮಾನ್ಯವಾಗಿ ಕುಗ್ಗುತ್ತದೆ. ಆ ಪ್ರತಿಯಲ್ಲಿ ದೊಡ್ಡಮ್ಮನ ಮುಖದ ಅಗಲ 40 ಚುಕ್ಕೆ, ಎತ್ತರ 50 ಚುಕ್ಕೆ. ಪಿಕ್ಸೆಲ್ ಎನ್ನುವುದು ಈ ಚುಕ್ಕೆಗೇ. ಒಟ್ಟು 2,000 ಚುಕ್ಕೆ. ತಂತ್ರಾಂಶ ಹಿಂದಿರುಗಿಸಿದ ಮುಖದಲ್ಲಿ 400ಕ್ಕೆ 500, ಅಂದರೆ 2,00,000 ಚುಕ್ಕೆ. ನೂರರಲ್ಲಿ ಒಂದಕ್ಕೆ ಮಾತ್ರ ಆ ಹಳೆಯ ಪ್ರತಿಯ ಆಧಾರವಿದೆ. ಉಳಿದ ತೊಂಬತ್ತೊಂಬತ್ತು ಎಲ್ಲಿಂದ ಬಂದವು?

ಹಿಂದಿನ ಸರಳ ವಿಧಾನದಲ್ಲಿ ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆದು ನಡುವಿನ ಜಾಗ ತುಂಬುತ್ತಿದ್ದರು. ಚಿತ್ರ ದೊಡ್ಡದಾಗುತ್ತಿತ್ತು, ಆದರೆ ಮಸುಕು ಮಸುಕಾಗಿಯೇ ಉಳಿಯುತ್ತಿತ್ತು. ಅದು ಪ್ರಾಮಾಣಿಕ ಮಸುಕು: ಇಲ್ಲಿ ಮಾಹಿತಿ ಇಲ್ಲ ಎಂದು ತಾನೇ ಹೇಳುತ್ತಿತ್ತು. ಈಗಿನ ತಂತ್ರಾಂಶ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೆ ಮೊದಲೇ ಸಾವಿರಾರು ಸ್ಪಷ್ಟ ಮುಖಗಳನ್ನು ತೋರಿಸಿ, ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಇಂಥ ಕಣ್ಣು, ಇಂಥ ತುಟಿ ಇರುತ್ತದೆ ಎಂದು ಕಲಿಸಿರುತ್ತಾರೆ. ಅದು ನಮ್ಮ ಚಿತ್ರದಲ್ಲಿರುವುದನ್ನು ಹೊರತೆಗೆಯುವುದಿಲ್ಲ. ಅಲ್ಲಿಗೆ ಹೊಂದುವ ಒಂದು ಮುಖವನ್ನು ಬರೆಯುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಪಲ್ಸ್ ಎಂಬ ಇಂಥದೊಂದು ತಂತ್ರಾಂಶ ಹೊರತಂದಾಗ, ಯಾರೋ ಅದಕ್ಕೆ ಬರಾಕ್ ಒಬಾಮರ ಪುಟ್ಟ, ಚುಕ್ಕೆ ಚುಕ್ಕೆಯಾದ ಚಿತ್ರವನ್ನು ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯ ಗಂಡಸಿನ ಮುಖ! ಆ ಮುಖವನ್ನು ಮತ್ತೆ ಕುಗ್ಗಿಸಿದರೆ ಹೆಚ್ಚುಕಡಿಮೆ ಕೊಟ್ಟ ಚಿತ್ರದಂತೆಯೇ ಕಾಣುತ್ತದೆ. ತಂತ್ರಾಂಶದ ಲೆಕ್ಕದಲ್ಲಿ ಉತ್ತರ ಸರಿ. ಮನುಷ್ಯ ಮಾತ್ರ ಬೇರೆ.

ಸಿಡುಬಿನ ಕಲೆ ಹೋದದ್ದೂ ಹೀಗೆಯೇ. ಮುಖಗಳನ್ನು ಸರಿಪಡಿಸುವ ಹಲವು ತಂತ್ರಾಂಶಗಳಿಗೆ ಪಾಠಪುಸ್ತಕವಾದದ್ದು ಫ್ಲಿಕರ್ ಎಂಬ ಅಂತರಜಾಲ ತಾಣದಿಂದ ಆರಿಸಿದ 70,000 ಮುಖಗಳ ಒಂದು ಸಂಗ್ರಹ. ಹೆಚ್ಚಿನವು ಈ ಕಾಲದ ಫೋಟೋಗಳು. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಆ ಕಲೆ ಇರುವ ಮುಖಗಳು ಇಂಥ ಸಂಗ್ರಹದಲ್ಲಿ ಅಪರೂಪವಲ್ಲದೆ ಇನ್ನೇನು? ಹಳೆಯ ಫೋಟೋದ ಮೇಲಿನ ಗೀರು, ಬೂಷ್ಟಿನ ಚುಕ್ಕೆಗಳನ್ನು ತೆಗೆಯಲು ಕಲಿತ ಯಂತ್ರಕ್ಕೆ ದೊಡ್ಡಮ್ಮನ ಕೆನ್ನೆಯ ಗುಳಿಯೂ ಒಂದು ಕೊಳೆಯೇ. ಮೆಳ್ಳೆಗಣ್ಣೂ ಹಾಗೆಯೇ ನೆಟ್ಟಗಾಯಿತು. ಮೊಮ್ಮಗಳು ತನ್ನದೆಂದು ಹಿಗ್ಗಿದ ಆ ಕಣ್ಣು ದೊಡ್ಡಮ್ಮನದಲ್ಲ. ಊರುಕೇರಿ ಗೊತ್ತಿಲ್ಲದ ಸಾವಿರಾರು ಕಣ್ಣುಗಳ ಪಾಕ.

ಸೀರೆಯ ಬಣ್ಣದ ವಿಷಯ ಇನ್ನೂ ಸರಳ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಕಂಪ್ಯೂಟರಿನಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗೆ ಒಂದೊಂದು ಅಂಕ ಇರುತ್ತದೆ. ಬಣ್ಣದ ಚಿತ್ರವನ್ನು ಕಪ್ಪು ಬಿಳುಪು ಮಾಡಲು ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡುತ್ತಾರೆ. ಕೆಂಪು ಸೀರೆಯೊಂದರ ಅಂಕಗಳು 200, 30, 30 ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 81. ಹಸಿರು ಸೀರೆಯೊಂದರದು 20, 120, 40 ಎಂದಿಟ್ಟುಕೊಳ್ಳಿ. ಅದಕ್ಕೂ 81! ಎರಡೂ ಒಂದೇ ಬೂದು. ಹಳೆಯ ಫಿಲ್ಮು ಈ ಸೂತ್ರವನ್ನೇ ಪಾಲಿಸುತ್ತಿರಲಿಲ್ಲ ನಿಜ, ಆದರೆ ಅಲ್ಲೂ ಮೂರು ಬಣ್ಣದ ಬೆಳಕು ಸೇರಿ ಒಂದೇ ಬೂದು ಆಗುತ್ತಿತ್ತು. ಮೂರು ಸಂಖ್ಯೆಗಳ ಮೊತ್ತ ಮಾತ್ರ ಹೇಳಿ, ಆ ಮೂರು ಸಂಖ್ಯೆ ಯಾವುವು ಎಂದು ಕೇಳಿದರೆ ಯಾವ ಗಣಿತಜ್ಞನೂ ಹೇಳಲಾರ. ಬಣ್ಣ ಹಚ್ಚುವ ತಂತ್ರಾಂಶ ಹೇಳುತ್ತದೆ, ಅದೂ ಅನುಮಾನವಿಲ್ಲದ ಧ್ವನಿಯಲ್ಲಿ.

"ಹಿಂದೆ ಸ್ಟುಡಿಯೋದವರೂ ತಿದ್ದುತ್ತಿರಲಿಲ್ಲವೇ?" ಎಂದು ತಮ್ಮ ಕೇಳಿದ. ತಿದ್ದುತ್ತಿದ್ದರು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ಸುಕ್ಕು ಮರೆಸುತ್ತಿದ್ದರು. ಕಪ್ಪು ಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಆದರೆ ಹಚ್ಚಿದ ಬಣ್ಣ ಹಚ್ಚಿದ್ದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು, ಕೆನ್ನೆಯ ಗುಲಾಬಿ ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಈಗ ಕಣ್ಣಿಗೆ ಆ ಸುಳಿವಿಲ್ಲ. ಆದ್ದರಿಂದ ಕಳಿಸುವವನೇ ಬಾಯಿ ಬಿಟ್ಟು ಹೇಳಬೇಕು.

ಹಾಗೆಂದು ಎಲ್ಲದಕ್ಕೂ ತಪ್ಪೊಪ್ಪಿಗೆ ಬೇಕಿಲ್ಲ. ಸೊಟ್ಟಗಿದ್ದ ಚಿತ್ರವನ್ನು ನೆಟ್ಟಗೆ ಮಾಡಿದ್ದು, ಅಂಚು ಕತ್ತರಿಸಿದ್ದು, ಕತ್ತಲಾಗಿದ್ದುದನ್ನು ತುಸು ಬೆಳಗಿಸಿದ್ದು ಇವನ್ನೆಲ್ಲ ಹೇಳುತ್ತಾ ಕುಳಿತರೆ ನೆಂಟರು ಗುಂಪು ಬಿಟ್ಟು ಹೋಗುತ್ತಾರೆ. ನಾನು ಹುಡುಗನಿಗೆ ಕೊಟ್ಟ ಪರೀಕ್ಷೆ ಒಂದೇ: ಆ ದಿನ ಫಿಲ್ಮಿನ ಮೇಲೆ ಬೀಳದ ಯಾವುದಾದರೂ ಈಗ ಚಿತ್ರದಲ್ಲಿದೆಯೇ, ಅಥವಾ ಬಿದ್ದದ್ದು ಯಾವುದಾದರೂ ಕಾಣೆಯಾಗಿದೆಯೇ? ಹೌದಾದರೆ ಹೇಳು. ಮುಖದ ವಿವರ, ಬಣ್ಣ, ಹೊಸ ಹಿನ್ನೆಲೆ, ಅಳಿಸಿಹಾಕಿದ ಮನುಷ್ಯ ಎಲ್ಲವೂ ಇದರೊಳಗೆ ಬರುತ್ತವೆ. ಇಂದು ತೆಗೆದ ನಮ್ಮದೇ ಫೋಟೋದಲ್ಲಿ ಚರ್ಮ ನುಣುಪು ಮಾಡಿ, ದವಡೆ ತೆಳ್ಳಗೆ ಮಾಡಿ ಕಳಿಸಿದರೂ ಇದೇ ಮಾತು. ಹುಡುಗಿ ನೋಡುವ ಹುಡುಗ ನೋಡುವ ಸಂದರ್ಭದಲ್ಲಂತೂ ಆ ಫೋಟೋದ ಜೊತೆ ತಿದ್ದದ ಒಂದು ಪ್ರತಿ ಹೋಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೋಷಕರಿಗೆ ಇದು ಹಿಡಿಸದಿರಬಹುದು.

ಹೇಳುವುದು ಎಲ್ಲಿ ಎಂಬುದೂ ಮುಖ್ಯ. ಹುಡುಗ ಮೊದಲು ಫೈಲಿನ ಹೆಸರಿನಲ್ಲೇ 'ತಿದ್ದಿದ್ದು' ಎಂದು ಸೇರಿಸಿದ. ಆಂಡ್ರಾಯ್ಡ್ ಮೊಬೈಲಿನಲ್ಲಿ ವಾಟ್ಸಾಪ್ ಮೂಲಕ ಫೋಟೋ ಬಂದಾಗ ಆ ಹೆಸರು ಹೋಗಿ `IMG-20240310-WA0003` ಎಂಬ ಧಾಟಿಯ ಹೆಸರು ಬೀಳುತ್ತದೆ. ಫೈಲಿನೊಳಗೆ ಅಡಗಿರುವ ದಿನಾಂಕ, ಕ್ಯಾಮೆರಾ, ತಂತ್ರಾಂಶದ ವಿವರಗಳೂ ಹಾಗೆ ಕಳಿಸಿದಾಗ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಚಿತ್ರದ ಕೆಳಗೆ ಬರೆದ ಸಾಲು ಉಳಿಯುತ್ತದೆಯೇ ಎಂದರೆ, ಮುಂದಕ್ಕೆ ಕಳಿಸುವವರು ಅದನ್ನು ತೆಗೆದುಬಿಡಬಹುದು. ಕೊನೆಗೆ ನಾವು ಚಿತ್ರದ ಕೆಳಗೆ ಒಂದು ಬಿಳಿಯ ಪಟ್ಟಿ ಸೇರಿಸಿ, ಅದು ಚಿತ್ರದ ಭಾಗವೇ ಆಗುವಂತೆ, ಹೀಗೆ ಬರೆದೆವು: "1966ರ ಮದುವೆಯ ಗುಂಪು ಚಿತ್ರದಿಂದ. ಮುಖದ ವಿವರ ಮತ್ತು ಬಣ್ಣ ಕಂಪ್ಯೂಟರಿನ ಊಹೆ. ನಿಜವಾದ ಸೀರೆ ಕೆಂಪು; ಮುಖದಲ್ಲಿ ಸಿಡುಬಿನ ಕಲೆಗಳಿದ್ದವು." ಪಟ್ಟಿಯನ್ನೂ ಕತ್ತರಿಸುವವರು ಇದ್ದಾರೆ. ಅವರಿಗೆ ಮದ್ದಿಲ್ಲ.

ಇಷ್ಟಕ್ಕೂ ಊಹೆಯ ಅಗತ್ಯವೇ ಅಷ್ಟಿರಲಿಲ್ಲ. ಆಲ್ಬಂ ನಮ್ಮ ಮನೆಯ ಬೀರುವಿನಲ್ಲೇ ಇತ್ತು. ಅದರಲ್ಲಿ ದೊಡ್ಡಮ್ಮನ ಮುಖದ ಅಗಲ ಸ್ಕೇಲಿನಲ್ಲಿ 5 ಮಿಲಿಮೀಟರ್. ಅಂಗಡಿಯಲ್ಲಿ ಅಂಗುಲಕ್ಕೆ 1,200 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿದೆವು; ಮುಖಕ್ಕೆ ಅಡ್ಡಲಾಗಿ ಸುಮಾರು 236 ಚುಕ್ಕೆ ಸಿಕ್ಕಿತು. 40ರ ಬದಲು 236, ಎಲ್ಲವೂ ಆ ಕಾಗದದಿಂದಲೇ ಬಂದದ್ದು. ಇದಕ್ಕಿಂತ ಹೆಚ್ಚಿಸಿದಾಗ ಮುಖ ಕಾಣಲಿಲ್ಲ, ಕಾಗದದ ತರಿ ಮಾತ್ರ ಕಂಡಿತು. ಫೋಟೋವನ್ನು ಆಲ್ಬಮ್ಮಿನಿಂದ ಕೀಳಲು ಹೋಗಬೇಡಿ, ಅಂಟು ಹಿಡಿದ ಕಡೆ ಹರಿಯುತ್ತದೆ. ಪುಟದ ಸಮೇತ ಸ್ಕ್ಯಾನ್ ಮಾಡಿಸಬಹುದು.

ಹೊಸ ಪ್ರತಿಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಎಡಗಣ್ಣಿನ ಓರೆ ಸ್ವಲ್ಪ ಕಂಡಿತು. ಕೆನ್ನೆಯ ಮೇಲೆ ಏನೋ ಒರಟು ನೆರಳು. ಕಲೆಯೋ ಕಾಗದದ ತರಿಯೋ ನಾನು ಹೇಳಲಾರೆ, ಆದರೆ ತಾಯಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. "ಹಾಂ, ಇವಳು ನಮ್ಮಕ್ಕ" ಎಂದು ಪರದೆಯ ಮೇಲೆ ಬೆರಳಿಟ್ಟರು. ಸಿಡುಬು ಬಂದಾಗ ಅಕ್ಕನಿಗೆ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ತಾನು ಬಾಗಿಲಾಚೆ ಅಳುತ್ತಾ ಕುಳಿತದ್ದು ಎಲ್ಲವೂ ಆಮೇಲೆ ಬಂತು. ಹುಡುಗ ಅದನ್ನು ಬರೆದುಕೊಂಡ.

ಗುಂಪಿಗೆ ಈಗ ಮೂರೂ ಚಿತ್ರ ಹೋಗಿವೆ: ಮೊದಲು ಇಡೀ ಗುಂಪು ಚಿತ್ರ, ಅನಂತರ ಸ್ಕ್ಯಾನ್ ಮಾಡಿದ ಮುಖ, ಕೊನೆಗೆ ಪಟ್ಟಿ ಹಚ್ಚಿದ ಬಣ್ಣದ ಚಿತ್ರ. ಕಟ್ಟು ಹಾಕಿಸಲು ಹೊರಟವರು ಫೋನ್ ಮಾಡಿ ಯಾವುದನ್ನು ಹಾಕಿಸಲಿ ಎಂದು ಕೇಳಿದ್ದಾರೆ. ಹುಬ್ಬಳ್ಳಿಯ ಬಂಧುವೊಬ್ಬರ ವಾಟ್ಸಾಪ್ ಮುಖಚಿತ್ರದಲ್ಲಿ ಮಾತ್ರ ಹಸಿರು ಸೀರೆಯ ಆ ಅಪರಿಚಿತ ಹೆಂಗಸು ಇನ್ನೂ ನಗುತ್ತಿದ್ದಾರೆ.