ಬಳಸದ ಎಣ್ಣೆಗೆ ಐದು ಸ್ಟಾರ್ ಯಾಕೆ?

ಆನ್‌ಲೈನ್ ರಿವ್ಯೂಗಳ ಮೋಸದ ಮಾತು ಬಂದಾಗಲೆಲ್ಲ ನಮ್ಮ ಸಿಟ್ಟು ಹೋಗುವುದು ದುಡ್ಡು ತೆಗೆದುಕೊಂಡು ಬರೆಯುವವರ ಮೇಲೆ. ಟೆಲಿಗ್ರಾಂ ಗುಂಪು ಸೇರಿ, ವಸ್ತು ತರಿಸಿ, ಐದು ಸ್ಟಾರ್ ಒತ್ತಿ, ಅದರ ಸ್ಕ್ರೀನ್‌ಶಾಟ್ ಕಳಿಸಿ ಕೊಟ್ಟ ಹಣವನ್ನು ವಾಪಸ್ ಪಡೆಯುವವರಿದ್ದಾರಲ್ಲ, ಅವರ ಮೇಲೆ. ಅವರನ್ನು ಬೈಯುವುದು ಸುಲಭ. ಯಾಕೆಂದರೆ ಆ ಗುಂಪಿನಲ್ಲಿ ನಾವಿಲ್ಲ. ನಾವು ಬರೆಯುವುದು ದುಡ್ಡಿಗಲ್ಲ, ದಾಕ್ಷಿಣ್ಯಕ್ಕೆ. ‘ಲಿಂಕ್ ಕಳಿಸಿದ್ದೀನಿ ಅಣ್ಣ, ಐದು ಸ್ಟಾರ್ ಕೊಟ್ಟು ಎರಡು ಸಾಲು ಹಾಕಿಬಿಡಿ’ ಎಂದು ನೆಂಟರ ಹುಡುಗ ಕೇಳುತ್ತಾನೆ. ನಾವು ಹಾಕಿಬಿಡುತ್ತೇವೆ. ಅವನ ವಸ್ತುವನ್ನು ನಾವು ಕಣ್ಣಲ್ಲೂ ನೋಡಿರುವುದಿಲ್ಲ.

ಈ ದಾಕ್ಷಿಣ್ಯದ ರಿವ್ಯೂ ಕೂಡ ಕಾಸಿನ ರಿವ್ಯೂವಿನಷ್ಟೇ ಸುಳ್ಳು ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಅದರ ಪೆಟ್ಟು ಮೊದಲು ಬೀಳುವುದು ಕೇಳಿದವನಿಗೇ.

ಒಂದು ಉದಾಹರಣೆ ಹಿಡಿದು ನೋಡೋಣ. ಆ ಹುಡುಗ ಊರಲ್ಲಿ ಗಾಣ ಹಾಕಿದ್ದಾನೆ, ಕಡಲೆಕಾಯಿ ಎಣ್ಣೆ ತೆಗೆದು ಆನ್‌ಲೈನ್‌ನಲ್ಲಿ ಮಾರುತ್ತಿದ್ದಾನೆ ಎನ್ನೋಣ. ಎಣ್ಣೆ ಒಳ್ಳೆಯದೇ. ಇಲ್ಲಿಯವರೆಗೆ 12 ಜನ ಗಿರಾಕಿಗಳು ಸ್ಟಾರ್ ಕೊಟ್ಟಿದ್ದಾರೆ. ಐದು ಮಂದಿ ಐದು, ಮೂವರು ನಾಲ್ಕು, ಇಬ್ಬರು ಮೂರು, ಉಳಿದಿಬ್ಬರು ಎರಡು. ಸರಾಸರಿ 3.9. ಎರಡು ಸ್ಟಾರ್ ಕೊಟ್ಟವರಲ್ಲಿ ಒಬ್ಬರು ‘ಬೋಂಡ ಬಿಟ್ಟ ಕೂಡಲೇ ನೊರೆ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು’ ಎಂದು ಬರೆದಿದ್ದಾರೆ. ಇನ್ನೊಬ್ಬರಿಗೆ ಬಾಟಲಿಯ ತಳದಲ್ಲಿ ಗಷ್ಟು ಕಂಡು ಕಲಬೆರಕೆಯ ಅನುಮಾನ ಬಂದಿದೆ.

ಎರಡೂ ದೂರುಗಳು ನಿಜ, ಆದರೆ ಎರಡೂ ಎಣ್ಣೆಯ ದೋಷಗಳಲ್ಲ. ಗಾಣದ ಎಣ್ಣೆಯನ್ನು ರೀಫೈನ್ಡ್ ಎಣ್ಣೆಯಂತೆ ಶುದ್ಧೀಕರಿಸಿರುವುದಿಲ್ಲ. ಅಂಟಿನಂಥ ಅಂಶಗಳು, ಕಾಳಿನ ಸಣ್ಣ ಪುಡಿ, ಚೂರು ತೇವ ಅದರಲ್ಲಿ ಉಳಿದಿರುತ್ತವೆ. ಕಾದಾಗ ನೊರೆ ಬರುವುದೂ ಇಟ್ಟಲ್ಲೇ ಇಟ್ಟರೆ ಗಷ್ಟು ಇಳಿಯುವುದೂ ಅದರಿಂದಲೇ. ಗಾಣದ ಎಣ್ಣೆ ಬಳಸಿ ಗೊತ್ತಿರುವವರು ಬಾಣಲೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ, ಉರಿಯನ್ನು ಸಣ್ಣಗಿಡುತ್ತಾರೆ. ರೀಫೈನ್ಡ್ ಬಿಟ್ಟು ಮೊದಲ ಸಲ ಇತ್ತ ಬಂದವರಿಗೆ ಇದು ಗೊತ್ತಿರುವುದಿಲ್ಲ.

ಈಗ ಆ ಹುಡುಗ ನೆಂಟರಿಷ್ಟರಿಗೆಲ್ಲ ಲಿಂಕ್ ಕಳಿಸಿ 20 ಐದು ಸ್ಟಾರ್ ಹಾಕಿಸಿಕೊಂಡ. ಸರಾಸರಿ 3.9ರಿಂದ 4.6ಕ್ಕೆ ಜಿಗಿಯಿತು. ನೊರೆಯ ಮಾತು, ಗಷ್ಟಿನ ಮಾತು ಇಪ್ಪತ್ತು ಹೊಗಳಿಕೆಗಳ ಕೆಳಗೆ ಹೂತುಹೋದವು. ಹೊಸ ಗಿರಾಕಿಗಳು 4.6 ನೋಡಿ ತರಿಸಿದರು. ಅವರ ಬಾಣಲೆಯಲ್ಲೂ ನೊರೆ ಉಕ್ಕಿತು. ಮೊದಲಾಗಿದ್ದರೆ ‘ಓದಿದ್ದೆ, ಗಾಣದ ಎಣ್ಣೆ ಹಾಗೇ ಇರುತ್ತದಂತೆ’ ಎಂದು ಸುಮ್ಮನಾಗುತ್ತಿದ್ದವರು ಈಗ ಮೋಸ ಹೋದೆವು ಎಂದುಕೊಳ್ಳುತ್ತಾರೆ. ಬಾಟಲಿ ವಾಪಸ್ ಬರುತ್ತದೆ, ಸಾಗಣೆಯ ಖರ್ಚು ಹುಡುಗನ ತಲೆಗೆ ಬೀಳುತ್ತದೆ. ಆಮೇಲೆ ಬರುವ ಒಂದು ಸ್ಟಾರ್‌ಗಳಲ್ಲಿ ಎಣ್ಣೆಯ ಮೇಲಿನ ಸಿಟ್ಟಿಗಿಂತ ‘ಎಲ್ಲಾ ಬೋಗಸ್ ರಿವ್ಯೂ’ ಎಂಬ ಸಿಟ್ಟೇ ಹೆಚ್ಚು. ಎಣ್ಣೆಯಲ್ಲಿ ಇಲ್ಲದ ಕಲಬೆರಕೆಯನ್ನು ನಾವು ರಿವ್ಯೂವಿನಲ್ಲಿ ಮಾಡಿಕೊಟ್ಟಂತಾಯಿತು.

ಬಳಸದವರ ಬರಹವನ್ನು ಗುರುತಿಸುವುದು ಕಷ್ಟವೇನಲ್ಲ. ‘ಶುದ್ಧವಾದ ಎಣ್ಣೆ, ರುಚಿ ಅದ್ಭುತ, ಮನೆಮಂದಿಗೆಲ್ಲ ಇಷ್ಟವಾಯಿತು’ ಎಂದು ಬರೆದವರು ಬಾಟಲಿಯ ಮುಚ್ಚಳವನ್ನೇ ತೆರೆದಿಲ್ಲ. ಲೇಬಲ್ಲಿನಲ್ಲಿ ಇಲ್ಲದ ಒಂದು ಮಾತೂ ಅದರಲ್ಲಿಲ್ಲ. ಬಳಸಿದವರ ಬರಹದಲ್ಲಿ ಒಂದಾದರೂ ಬೇಡದ ವಿವರ ನುಸುಳಿರುತ್ತದೆ: ಒಗ್ಗರಣೆಗೆ ಘಮ ಚೆನ್ನಾಗಿದೆ, ಆದರೆ ಸೀಲ್ ಕೀಳಲು ಚಾಕು ಬೇಕಾಯಿತು, ಎರಡನೇ ತಿಂಗಳಿಗೆ ಸ್ವಲ್ಪ ಕಮಟು ಬಂತು. ಜೊತೆಗೆ ತಾರೀಖುಗಳನ್ನು ನೋಡಿ. ತಿಂಗಳಿಗೊಂದು ಬರುತ್ತಿದ್ದ ರಿವ್ಯೂಗಳು ಒಂದೇ ಭಾನುವಾರ ಹದಿನೈದು ಬಂದಿದ್ದರೆ, ಅವತ್ತು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಬಿದ್ದಿದೆ ಎಂದೇ ತಿಳಿಯಿರಿ. ‘ಖರೀದಿಸಿದವರು’ ಎಂಬ ಗುರುತನ್ನೂ ಪೂರ್ತಿ ನಂಬುವಂತಿಲ್ಲ. ತರಿಸಿ ಹಣ ವಾಪಸ್ ಪಡೆಯುವವರಿಗೂ ಆ ಗುರುತು ಸಿಗುತ್ತದೆ.

ಕಾನೂನು ಏನನ್ನುತ್ತದೆ? ತನ್ನನ್ನೇ ಗ್ರಾಹಕನೆಂದು ಹೇಳಿಕೊಂಡು ಮಾರಾಟಗಾರ ರಿವ್ಯೂ ಹಾಕುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳಿವೆ. ಜಾಹೀರಾತಿನಲ್ಲಿ ಒಬ್ಬರು ವಸ್ತುವನ್ನು ಮೆಚ್ಚಿ ಮಾತಾಡುವುದಾದರೆ ಅದು ಅವರ ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು ಎನ್ನುತ್ತವೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಅದೇ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ರಿವ್ಯೂಗಳಿಗೆಂದೇ IS 19000 ಎಂಬ ಮಾನದಂಡ ತಂದಿತು. ಆದರೆ ತರುವಾಗಲೇ ಅದನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು ಎಂದಿತು.

ಈ ಎಲ್ಲದರ ಕಣ್ಣು ಇರುವುದು ಮಾರುವವರ ಮೇಲೆ, ಜಾಹೀರಾತಿನ ಮೇಲೆ, ಜಾಲತಾಣ ನಡೆಸುವವರ ಮೇಲೆ. ನೆಂಟನಿಗಾಗಿ ಎರಡು ಸಾಲು ಬರೆದ ನಮ್ಮಂಥವರ ಮನೆ ಬಾಗಿಲಿಗೆ ನೋಟಿಸ್ ಬರುವ ಸಂಭವ ಕಡಿಮೆ. ಅಮೆರಿಕದವರು ಈ ಸಂದನ್ನೂ ಮುಚ್ಚಲು ಹೊರಟಿದ್ದಾರೆ. 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಅಲ್ಲಿನ ನಿಯಮದಲ್ಲಿ, ವಸ್ತುವನ್ನು ಬಳಸಿಯೇ ಇಲ್ಲದವರ ರಿವ್ಯೂ ಬರೆಸುವುದಕ್ಕೂ ಸಂಬಂಧ ಮುಚ್ಚಿಟ್ಟು ಮನೆಯವರಿಂದ ಬರೆಸುವುದಕ್ಕೂ ಹೆಸರಿಟ್ಟು ನಿಷೇಧವಿದೆ. ನಮ್ಮಲ್ಲಿ ಕಾನೂನು ಅಷ್ಟು ದೂರ ಬರುವವರೆಗೆ ಈ ಸಂದನ್ನು ಮುಚ್ಚಬೇಕಾದವರು ಲಿಂಕ್ ಬಂದ ಕೂಡಲೇ ಬೆರಳು ಒತ್ತುವ ನಾವೇ.

ಇದಕ್ಕೆ ಎದುರಾಗಿ ಬರುವ ಒಂದು ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ದೊಡ್ಡ ಕಂಪನಿಗಳು ಸಾವಿರಗಟ್ಟಲೆ ರಿವ್ಯೂ ಕೊಂಡುಕೊಳ್ಳುತ್ತವೆ. ಸೊನ್ನೆ ರಿವ್ಯೂ ಇರುವ ಹಳ್ಳಿ ಹುಡುಗನ ಎಣ್ಣೆಯನ್ನು ಯಾರು ನೋಡುತ್ತಾರೆ? ನಮ್ಮವನಿಗೆ ನಾವಲ್ಲದೆ ಇನ್ನಾರು?’ ಸೊನ್ನೆಯಿಂದ ಹತ್ತಕ್ಕೆ ಏರುವ ಕಷ್ಟ ನಿಜವಾದ ಕಷ್ಟ. ಆದರೆ ಸುಳ್ಳಿನ ಪಂದ್ಯದಲ್ಲಿ ಯಾವತ್ತೂ ಗೆಲ್ಲುವುದು ಹೆಚ್ಚು ದುಡ್ಡಿರುವವನು. ಹುಡುಗ 20 ಹಾಕಿಸಿದರೆ ದೊಡ್ಡ ಕಂಪನಿಗಳು 2,000 ಹಾಕಿಸುತ್ತವೆ. ದೊಡ್ಡವರಿಗಿಲ್ಲದ ಒಂದೇ ಅನುಕೂಲ ಚಿಕ್ಕ ಗಾಣದವನಿಗಿರುವುದು: ಗಿರಾಕಿಗೆ ಅವನ ಹೆಸರು, ಊರು, ಫೋನ್ ನಂಬರ್ ಗೊತ್ತು, ಅವನ ಮಾತನ್ನು ನಂಬಬಹುದು. ನಮ್ಮ ಉಪಕಾರ ಅದಕ್ಕೇ ಕೊಡಲಿ ಹಾಕುತ್ತದೆ.

‘ಜಾಹೀರಾತುಗಳೂ ಉತ್ಪ್ರೇಕ್ಷೆ ಮಾಡುವುದಿಲ್ಲವೇ’ ಎನ್ನುವವರೂ ಇದ್ದಾರೆ. ಮಾಡುತ್ತವೆ. ಅದು ಮಾರುವವನ ಮಾತು ಎಂದು ಓದುವವರಿಗೆ ಗೊತ್ತಿರುವುದರಿಂದ ಅವರೇ ಒಂದಿಷ್ಟು ಕಳೆದು ಓದಿಕೊಳ್ಳುತ್ತಾರೆ. ರಿವ್ಯೂ ಓದುವಾಗ ಹಾಗೆ ಕಳೆಯುವುದಿಲ್ಲ, ಯಾಕೆಂದರೆ ಅದು ಕೊಂಡವರ ಮಾತು ಎಂಬ ನಂಬಿಕೆ. ಬಳಸದೆ ಬರೆದಾಗ ನಾವು ಕದಿಯುವುದು ಆ ನಂಬಿಕೆಯನ್ನೇ. ಮುಖ ನೋಡಿ ಮಣೆ ಹಾಕುವುದು ನಮ್ಮ ಮನೆಯೊಳಗಿನ ವಿಷಯ. ಸಾರ್ವಜನಿಕರು ನೋಡಿ ದುಡ್ಡು ಕೊಡುವ ಜಾಗದಲ್ಲಿ ಅದನ್ನು ಮಾಡುವ ಹಕ್ಕು ನಮಗಿಲ್ಲ.

ಹಾಗಾದರೆ ಹುಡುಗನಿಗೆ ಏನು ಹೇಳುವುದು? ಬರೀ ಇಲ್ಲ ಎಂದರೆ ಅವನ ಕಷ್ಟ ತೀರುವುದಿಲ್ಲ. ‘ನಾನು ಬಳಸಿಲ್ಲ ಕಣಪ್ಪ, ಬಳಸದೆ ಬರೆದರೆ ನಾಳೆ ನಿನಗೇ ತೊಂದರೆ. ಆದರೆ ಬೇರೆ ಏನಾದರೂ ಮಾಡೋಣ’ ಎಂದು ಶುರು ಮಾಡಬಹುದು. ಆ ‘ಬೇರೆ ಏನಾದರೂ’ ನಿಜವಾಗಿಯೂ ಇದೆ.

ಮೊದಲನೆಯದು, ಒಂದು ಲೀಟರ್ ದುಡ್ಡು ಕೊಟ್ಟು ಕೊಂಡುಕೊಳ್ಳಿ. ತಿಂಗಳು ಬಳಸಿ, ಕಂಡದ್ದನ್ನೆಲ್ಲ ಅವನಿಗೆ ಫೋನಿನಲ್ಲಿ ಹೇಳಿ. ಊರಿಗೆ ಹೇಳಬೇಕು ಎನಿಸಿದರೆ ನಿಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲೋ ಫೇಸ್‌ಬುಕ್‌ನಲ್ಲೋ ಸಂಬಂಧ ತಿಳಿಸಿಯೇ ಬರೆಯಿರಿ: ‘ಇವನು ನಮ್ಮ ನೆಂಟ. ತಿಂಗಳಿಂದ ಇವನ ಎಣ್ಣೆ ಬಳಸುತ್ತಿದ್ದೇವೆ. ಒಗ್ಗರಣೆಗೆ ಸೊಗಸು, ಕರಿಯುವಾಗ ನೊರೆ ಬರುತ್ತದೆ, ಉರಿ ಸಣ್ಣಗಿಡಿ.’ ಸ್ಟಾರ್ ಕೊಡುವ ಜಾಗಕ್ಕೆ ಮಾತ್ರ ಹೋಗಬೇಡಿ. ಬಳಸಿದ್ದರೂ ಸರಿ, ಮಾರುವವರ ನೆಂಟರು, ಸ್ನೇಹಿತರು ರಿವ್ಯೂ ಹಾಕಬಾರದೆಂಬುದು ಅಮೆಜಾನ್‌ನ ನಿಯಮ.

ಎರಡನೆಯದು, ಬಳಸಲು ಪುರುಸೊತ್ತಿಲ್ಲದಿದ್ದರೆ ನಿಮಗೆ ಗೊತ್ತಿರುವಷ್ಟಕ್ಕೆ ಮಾತ್ರ ಸಾಕ್ಷಿ ಹೇಳಿ. ‘ಎಣ್ಣೆ ಇನ್ನೂ ತಂದಿಲ್ಲ. ಆದರೆ ಹುಡುಗನನ್ನು ಚಿಕ್ಕಂದಿನಿಂದ ಬಲ್ಲೆ, ಗಾಣ ಆಡುವುದನ್ನು ಕಣ್ಣಾರೆ ಕಂಡಿದ್ದೇನೆ’ ಎಂಬುದು ಪ್ರಾಮಾಣಿಕ ಶಿಫಾರಸು. ಅದನ್ನು ಓದಿದವರು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು. ಅವನ ಜೊತೆ ಅರ್ಧ ಗಂಟೆ ಕೂತು ಮಾರಾಟದ ಪುಟವನ್ನು ಸರಿಮಾಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಫೋಟೋದಲ್ಲಿ ಓದಲು ಬರುತ್ತದೆಯೇ? ಎಣ್ಣೆ ತೆಗೆದ ತಾರೀಖು ಕಾಣುತ್ತದೆಯೇ? ‘ಕರಿಯುವಾಗ ನೊರೆ ಬರುತ್ತದೆ, ತಳದಲ್ಲಿ ಗಷ್ಟು ನಿಲ್ಲುತ್ತದೆ, ಬಾಣಲೆ ಅರ್ಧ ಮಾತ್ರ ತುಂಬಿ’ ಎಂದು ಮೊದಲ ಸಾಲಿನಲ್ಲೇ ಹಾಕಿಸಿ. ರಿವ್ಯೂಗೆ ಉತ್ತರಿಸಲು ಅವಕಾಶವಿದ್ದರೆ, ಎರಡು ಸ್ಟಾರ್ ಕೊಟ್ಟ ಇಬ್ಬರಿಗೂ ಅವನ ಹೆಸರಿನಲ್ಲೇ ಕಾರಣ ವಿವರಿಸಿ ಉತ್ತರ ಬರೆಸಿ. ಹೊಸಬರು ಸ್ಟಾರ್ ನೋಡಿದ ಮೇಲೆ ಓದುವುದು ದೂರುಗಳನ್ನು, ಆಮೇಲೆ ದೂರಿಗೆ ಕೊಟ್ಟ ಉತ್ತರವನ್ನು.

ರಿವ್ಯೂಗಳ ಸಂಖ್ಯೆಯೇ ಬೇಕೆಂದರೆ, ಈಗಾಗಲೇ ಕೊಂಡವರನ್ನು ಕೇಳಲಿ. ಬಾಟಲಿ ತಲುಪಿದ ದಿನವಲ್ಲ, ಎರಡು ಮೂರು ವಾರ ಬಿಟ್ಟು, ಎಣ್ಣೆ ಅರ್ಧ ಖರ್ಚಾದ ಮೇಲೆ. ‘ಹೇಗಿತ್ತೋ ಹಾಗೆ ಬರೆಯಿರಿ’ ಎಂದು ಎಲ್ಲರಿಗೂ ಒಂದೇ ಚೀಟಿ ಹೋಗಲಿ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ‘ಐದು ಸ್ಟಾರ್‌ಗೆ ಮುಂದಿನ ಸಲ ಐವತ್ತು ರೂಪಾಯಿ ಕಡಿತ’ ಎನ್ನುವುದು ಎರಡೂ ಬೇಡ. ಗೂಗಲ್ ಎರಡನ್ನೂ ಒಪ್ಪುವುದಿಲ್ಲ. ಹೀಗೆ ಕೇಳಿದರೆ ಇಪ್ಪತ್ತು ರಿವ್ಯೂ ಬರಲು ವರ್ಷವೇ ಹಿಡಿಯಬಹುದು, ಸರಾಸರಿ 4.6ಕ್ಕೆ ಏರದೆಯೂ ಇರಬಹುದು. ಆದರೆ ನೊರೆ ಬರುತ್ತದೆ ಎಂದು ತಿಳಿದೇ ಕೊಳ್ಳುವ ಗಿರಾಕಿ ಬಾಟಲಿ ವಾಪಸ್ ಕಳಿಸುವುದಿಲ್ಲ. ಗಾಣದವನ ಬದುಕು ನಡೆಯುವುದು ಸರಾಸರಿಯಿಂದಲ್ಲ, ಎರಡನೇ ಬಾಟಲಿ ಕೊಳ್ಳುವವರಿಂದ. ಅಂಥ ಒಬ್ಬ ಗಿರಾಕಿಯನ್ನೂ ಸುಳ್ಳು ಐದು ಸ್ಟಾರ್ ತಂದುಕೊಡಲಾರದು. ಅದನ್ನು ಹುಡುಗನಿಗೆ ಬಾಯಿಬಿಟ್ಟು ಹೇಳುವುದೇ ನೆಂಟರು ಮಾಡಬೇಕಾದ ಕೆಲಸ.