ಇನಿಷಿಯಲ್ಲಿಗೆ ಕೈ ಹಚ್ಚಬೇಡಿ

ಕೆ. ವಿ. ಪುಟ್ಟಪ್ಪ. ದ. ರಾ. ಬೇಂದ್ರೆ. ಕಣ್ಣಿಗೆ ಎರಡೂ ಒಂದೇ ಅಚ್ಚಿನ ಹೆಸರುಗಳು: ಎರಡು ಅಕ್ಷರ, ಎರಡು ಚುಕ್ಕೆ, ಕೊನೆಗೊಂದು ಪದ. ಬಿಡಿಸಿ ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ತೊಟ್ಟಿಲಲ್ಲಿಟ್ಟು ಕರೆದ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ತೊಟ್ಟಿಲ ಹೆಸರು ಮೊದಲಿಗೇ ಬಂದು, ಕೊನೆಯಲ್ಲಿ ಮನೆತನ ನಿಂತಿದೆ. ಪುಟ್ಟಪ್ಪ ಎಂದರೆ ಒಬ್ಬ ಮನುಷ್ಯ, ಬೇಂದ್ರೆ ಎಂದರೆ ಒಂದು ಮನೆತನ.

ಕನ್ನಡ ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಹೊರನಾಡಿನ ಕನ್ನಡ ಸಂಘವೊಂದು ತನ್ನ ಹಳೆಯ ಸದಸ್ಯರ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಲು ಹೊರಟ ದಿನ, ಗೊತ್ತಿದ್ದವರೇ ಅದನ್ನು ಮರೆಯುತ್ತಾರೆ. ಬಟ್ಟೆ ಬೈಂಡಿನ ಆ ದಪ್ಪ ಪುಸ್ತಕದಲ್ಲಿ 'ಹೆಸರು' ಎಂಬುದಕ್ಕೆ ಒಂದೇ ಅಂಕಣವಿತ್ತು. ಹೊಸ ಎಕ್ಸೆಲ್ ಹಾಳೆಯಲ್ಲಿ ಅದು ಮೂರಾಗುತ್ತದೆ: ಮೊದಲ ಹೆಸರು, ನಡು ಹೆಸರು, ಅಡ್ಡಹೆಸರು. ಉತ್ಸಾಹಿ ಕಾರ್ಯದರ್ಶಿ ಇಡೀ ಅಂಕಣವನ್ನು ಆಯ್ದು, 'ಟೆಕ್ಸ್ಟ್ ಟು ಕಾಲಮ್ಸ್' ಒತ್ತಿ, ಖಾಲಿ ಜಾಗ ಕಂಡಲ್ಲೆಲ್ಲ ತುಂಡರಿಸು ಎಂದು ಆಜ್ಞೆ ಕೊಡುತ್ತಾರೆ. ಸಾವಿರ ಹೆಸರು ಒಂದು ಕ್ಷಣದಲ್ಲಿ ತುಂಡಾಗುತ್ತವೆ. ಕೆಲಸ ಮುಗಿಯಿತೆಂದು ಎಲ್ಲರೂ ಚಹಾ ಕುಡಿಯುತ್ತಾರೆ.

ಆದ ಕೆಲಸ ಏನೆಂದು ಸ್ವಲ್ಪ ನೋಡಬೇಕು. 'ಕೆ. ವಿ. ಪುಟ್ಟಪ್ಪ' ಮೂರು ತುಂಡಾಯಿತು. ಹಿಂದಿನ ಬರೆಹಗಾರರು ಚುಕ್ಕೆಯ ನಂತರ ಜಾಗ ಬಿಡದೆ 'ಕೆ.ವಿ. ಪುಟ್ಟಪ್ಪ' ಎಂದು ಬರೆದಿದ್ದರೆ ಎರಡೇ ತುಂಡು. 'ದ.ರಾ.ಬೇಂದ್ರೆ' ಎಂದು ಒತ್ತಾಗಿ ಬರೆದಿದ್ದರೆ ತುಂಡೇ ಆಗದೆ ಪೂರ್ತಿಯಾಗಿ ಮೊದಲ ಅಂಕಣದಲ್ಲಿ ಕುಳಿತಿತು. 'ಕೆ. ಶಿವರಾಮ ಕಾರಂತ' ಮತ್ತೆ ಮೂರು ತುಂಡು, ಆದರೆ ಈ ಸಲ ನಡು ಅಂಕಣದಲ್ಲಿರುವುದು ತಂದೆಯ ಅಕ್ಷರವಲ್ಲ, ಸ್ವಂತ ಹೆಸರು. ಒಂದೇ ಅಂಕಣದಲ್ಲಿ ಒಂದು ಸಾಲಿಗೆ ತಂದೆ, ಇನ್ನೊಂದು ಸಾಲಿಗೆ ಮಗ, ಮತ್ತೊಂದಕ್ಕೆ ಏನೂ ಇಲ್ಲ. ಹೆಸರನ್ನು ಎಲ್ಲಿ ಕಡಿಯಬೇಕೆಂದು ತೀರ್ಮಾನಿಸಿದ್ದು ಹೆಸರಿನ ಅರ್ಥವಲ್ಲ, ಐವತ್ತು ವರ್ಷದ ಹಿಂದೆ ಗುಮಾಸ್ತರು ಚುಕ್ಕೆಯ ಮುಂದೆ ಎಷ್ಟು ಜಾಗ ಬಿಟ್ಟರು ಎಂಬ ಸಂಗತಿ.

ಇಂಥ ಹಾಳೆಯನ್ನು ಗುರುತಿಸುವುದು ಸುಲಭ. 'ಅಡ್ಡಹೆಸರು' ಅಂಕಣವನ್ನು ಅಕಾರಾದಿಯಾಗಿ ಜೋಡಿಸಿ ಕೆಳಗಿನವರೆಗೆ ಓದಿದರೆ ಸಾಕು. ಪಾಟೀಲ, ಕುಲಕರ್ಣಿ, ಶೆಟ್ಟಿ, ನಾಯಕರ ನಡುವೆ ರಂಗಮ್ಮ, ಸುರೇಶ, ಲಕ್ಷ್ಮಿ ಕಾಣಿಸಿದರೆ ಕತ್ತರಿ ಆಡಿದೆ ಎಂದೇ ಅರ್ಥ.

ಮುಂಬೈ, ಪುಣೆಗಳಲ್ಲಿ ಈ ತಪ್ಪಿಗೆ ಇನ್ನೊಂದು ಕುಮ್ಮಕ್ಕು ಇದೆ. ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, 'ಆಡನಾವ' ಎಂಬ ಮೂರು ಮನೆಗಳ ಅರ್ಜಿಯನ್ನು ಅಲ್ಲಿನವರು ಶಾಲೆಯಿಂದಲೇ ತುಂಬುತ್ತ ಬಂದಿದ್ದಾರೆ. ಧಾರವಾಡ, ಬೆಳಗಾವಿ, ವಿಜಯಪುರದ ಹೆಸರುಗಳು ಆ ಮನೆಗಳಿಗೆ ಸರಿಯಾಗಿ ಹೊಂದುತ್ತವೆ. ಆದ್ದರಿಂದ ರಿಜಿಸ್ಟರಿನ ಮೊದಲ ಹತ್ತು ಸಾಲು ಪರೀಕ್ಷಿಸಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೈಸೂರು, ತುಮಕೂರು, ಹಾಸನದ ಕಡೆಯವರು ಆ ಹತ್ತರಲ್ಲಿ ಇರದಿದ್ದರೆ ಅವರ ಪರವಾಗಿ ಮಾತಾಡುವವರು ಯಾರೂ ಇಲ್ಲ. ಹೈದರಾಬಾದಿನ ಪಟ್ಟಿಯಲ್ಲಿ ಇನ್ನೂ ಒಂದು ಬಗೆ ಸೇರಿಕೊಳ್ಳುತ್ತದೆ. ಪಿ. ವಿ. ನರಸಿಂಹರಾವ್ ಎಂಬಲ್ಲಿ 'ಪಿ' ಎಂದರೆ ಪಾಮುಲಪರ್ತಿ, ಅವರ ಮನೆತನದ ಹೆಸರು. ಮೂರನೆಯ ಅಂಕಣದಲ್ಲಿರಬೇಕೆಂದು ಎಕ್ಸೆಲ್ ನಂಬಿದ್ದು ಇಲ್ಲಿ ಮೊದಲನೆಯದರಲ್ಲೇ ಇದೆ.

ತುಂಡರಿಸುವುದು ಮೊದಲ ಪಾಪ. ಎರಡನೆಯದು ಅದಕ್ಕಿಂತ ದೊಡ್ಡದು: ಅಕ್ಷರವನ್ನು ಬಿಡಿಸಿ ಬರೆಯುವುದು. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಪಾಸ್‌ಪೋರ್ಟ್ ಅರ್ಜಿಯೂ ಪೂರ್ತಿ ಹೆಸರು ಕೇಳುತ್ತದೆ, ಹಾಗಾದರೆ ಸಂಘದ ದಾಖಲೆಯಲ್ಲೂ ಪೂರ್ತಿ ಹೆಸರಿರಲಿ ಎಂಬ ವಾದ ಹುಟ್ಟುತ್ತದೆ. ಆ ಅರ್ಜಿಗಳಲ್ಲಿ ಬಿಡಿಸಿ ಬರೆಯುವವರು ಆ ಹೆಸರಿನ ಮನುಷ್ಯರೇ, ಕೈಯಲ್ಲಿ ದಾಖಲೆ ಹಿಡಿದು, ಕೆಳಗೆ ಸಹಿ ಹಾಕಿ. ರಿಜಿಸ್ಟರಿನಲ್ಲಿರುವವರ ಪೈಕಿ ಎಷ್ಟೋ ಜನ ಈಗ ಇಲ್ಲ. ಅವರ ಪರವಾಗಿ ಅಕ್ಷರ ಬಿಡಿಸುವವರು ಊಹಿಸುತ್ತಿದ್ದಾರೆ ಅಷ್ಟೆ.

ಊಹೆ ಎಲ್ಲಿಗೆ ಮುಟ್ಟುತ್ತದೆ? ಎಂ. ಎಸ್. ಸುಬ್ಬುಲಕ್ಷ್ಮಿಯವರ ಹೆಸರು ಯಾವುದೋ ಸಭೆಯ ಹಳೆಯ ಪಟ್ಟಿಯಲ್ಲಿದೆ ಎಂದಿಟ್ಟುಕೊಳ್ಳಿ. ನಡುವಿನ ಅಕ್ಷರ ತಂದೆಯದು ಎಂಬ ನಿಯಮ ಹಿಡಿದು ಹೊರಟವರು 'ಎಸ್' ಅನ್ನು ತಂದೆಯ ಅಂಕಣಕ್ಕೆ ಹಾಕಿ ಸುಬ್ರಮಣ್ಯವೋ ಶ್ರೀನಿವಾಸವೋ ಎಂದು ತುಂಬಿಬಿಡಬಹುದು. ಆ ಎಸ್ ಅವರ ತಾಯಿ, ವೀಣೆಯ ಷಣ್ಮುಖವಡಿವು. 'ಎಂ' ಎಂದರೆ ಮದುರೈ. ಒಂದು ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟಿದ್ದರೆ ತಾಯಿ ಅಲ್ಲಿಯೇ ಇರುತ್ತಿದ್ದರು.

ಕನ್ನಡ ಲಿಪಿಯಲ್ಲಿ ಬರೆದ ರಿಜಿಸ್ಟರುಗಳಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಇನಿಷಿಯಲ್ ಎರಡು ಜಾತಿ. 'ತೀ.ನಂ.ಶ್ರೀ' ಎಂಬಲ್ಲಿರುವುದು ಕನ್ನಡದ ಅಕ್ಷರಗಳು: ತೀರ್ಥಪುರ, ನಂಜುಂಡಯ್ಯ, ಶ್ರೀಕಂಠಯ್ಯ. ಸ್ವರ, ಅನುಸ್ವಾರ ಸಮೇತ ಬರುವುದರಿಂದ ಆ ಅಕ್ಷರ ಹೆಚ್ಚು ಹೇಳುತ್ತದೆ. 'ಕೆ. ವಿ.' ಎಂಬಲ್ಲಿರುವುದು ಇಂಗ್ಲಿಷ್ ಅಕ್ಷರದ ಹೆಸರು, ಕನ್ನಡದಲ್ಲಿ ಬರೆದದ್ದು. ಈಗ ರಿಜಿಸ್ಟರಿನಲ್ಲಿ ಬರೀ 'ಕೆ.' ಇದ್ದರೆ? ಅದು ಇಂಗ್ಲಿಷಿನ ಕೆ ಆಗಿದ್ದು ಕುಪ್ಪಳಿ, ಕೋಟ, ಕಡೂರು ಯಾವುದೂ ಆಗಬಹುದು. ಕನ್ನಡದ ಕೆ ಆಗಿದ್ದರೆ ಕೆಂಪಯ್ಯ, ಕೆರೆಗೋಡು ಇಷ್ಟರೊಳಗೆ ಇರಬೇಕು. 'ಬಿ', 'ವಿ', 'ಜಿ'ಗಳದೂ ಇದೇ ಪಾಡು. ಪಟ್ಟಿಯನ್ನು ಇಂಗ್ಲಿಷಿಗೆ ತಿರುಗಿಸುವವರು ಎರಡನ್ನೂ ಒಂದೇ ದೊಡ್ಡಕ್ಷರ ಮಾಡುತ್ತಾರೆ. 'ತೀ' ಬರೀ T ಆಗಿ ತನ್ನಲ್ಲಿದ್ದ ಅರ್ಧ ಸುಳಿವನ್ನು ಕಳೆದುಕೊಳ್ಳುತ್ತದೆ. ಬಳಿಕ ಯಾರಾದರೂ ಅದನ್ನು ಮರಳಿ ಕನ್ನಡಕ್ಕೆ ತಂದರೆ 'ಟಿ' ಆಗುತ್ತದೆ. ತೀರ್ಥಪುರ ಟೇಕಲ್ ಆಗಲು ಅಷ್ಟು ಸಾಕು.

ಇದೆಲ್ಲ ಪಂಡಿತರ ಚಿಂತೆ, ಸಂಘಕ್ಕೆ ಬೇಕಾದದ್ದು ಓಡಾಡುವ ಒಂದು ಪಟ್ಟಿ ಎನ್ನುವವರಿಗಾಗಿ ಒಂದು ಕಲ್ಪಿತ ಉದಾಹರಣೆ. 1974ರಲ್ಲಿ ಬಿ. ಎಸ್. ರಾಜಪ್ಪ ಎಂಬವರು ಆಜೀವ ಸದಸ್ಯರಾದರು ಎನ್ನೋಣ. ಅವರ ಮಗ 1998ರಲ್ಲಿ ಸೇರಿದ, ಹೆಸರು ಬಿ. ಆರ್. ಸುರೇಶ. ರಿಜಿಸ್ಟರಿನಲ್ಲಿ ಇಬ್ಬರ ಸಂಬಂಧ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಹೆಸರೇ ಹೇಳುತ್ತಿತ್ತು: ಊರಿನ 'ಬಿ' ಇಬ್ಬರಿಗೂ ಒಂದೇ, ಮಗನ 'ಆರ್' ಎಂದರೆ ರಾಜಪ್ಪ. ಈಗ ಹಾಳೆ ಸಿದ್ಧವಾಯಿತು. ಅಪ್ಪನ ಅಡ್ಡಹೆಸರು ರಾಜಪ್ಪ, ಮಗನದು ಸುರೇಶ. ಒಂದೇ ಅಡ್ಡಹೆಸರಿನವರನ್ನು ಕುಟುಂಬವೆಂದು ಗುಂಪು ಮಾಡುವ ಪಟ್ಟಿಯಲ್ಲಿ ಇವರು ಪರಕೀಯರು. ಅದೇ ಪಟ್ಟಿಯಲ್ಲಿ ಒಬ್ಬರನ್ನೊಬ್ಬರು ಕಂಡೂ ಅರಿಯದ ನಲವತ್ತು ಮಂದಿ ಶೆಟ್ಟರು ಒಂದೇ ಮನೆಯವರು.

ಅಲ್ಲಿಗೆ ನಿಲ್ಲಲಿಲ್ಲ. ಯಾರೋ ಬಿ ಎಂದರೆ ಬೆಂಗಳೂರು, ಎಸ್ ಎಂದರೆ ಶ್ರೀನಿವಾಸ ಎಂದು ಬಿಡಿಸಿದರು. ನಿಜದಲ್ಲಿ ಅದು ಬೆಳ್ಳೂರು, ತಂದೆ ಸಿದ್ದಪ್ಪ. ರಾಜಪ್ಪ ತೀರಿಕೊಂಡ ಮೇಲೆ ಸಂಘದ ನೆರವು ನಿಧಿಗಾಗಿ ಮಗ ಬರುತ್ತಾನೆ. ಅವನ ಕೈಯಲ್ಲಿರುವುದು 1974ರ ರಸೀದಿ, ಅದರಲ್ಲಿ 'ಬಿ. ಎಸ್. ರಾಜಪ್ಪ' ಎಂದಿದೆ. ಮರಣ ಪ್ರಮಾಣಪತ್ರದಲ್ಲಿ ಬೆಳ್ಳೂರು ಸಿದ್ದಪ್ಪ ರಾಜಪ್ಪ. ಸಂಘದ ಹಾಳೆಯಲ್ಲಿ ಬೆಂಗಳೂರು ಶ್ರೀನಿವಾಸ ರಾಜಪ್ಪ. ಹಾಳೆ ಇನಿಷಿಯಲ್ಲನ್ನು ಹಾಗೆಯೇ ಇಟ್ಟುಕೊಂಡಿದ್ದರೆ ರಸೀದಿಗೆ ಅಕ್ಷರಶಃ ತಾಳೆಯಾಗುತ್ತಿತ್ತು, ಪ್ರಮಾಣಪತ್ರಕ್ಕೂ ವಿರೋಧವಾಗುತ್ತಿರಲಿಲ್ಲ. ಈಗ ಎರಡಕ್ಕೂ ತಾಳೆಯಾಗುವುದಿಲ್ಲ. ಇವರು ಅವರೇ ಎಂದು ಸಾಬೀತು ಮಾಡುವ ಹೊರೆ ಮಗನ ಹೆಗಲಿಗೆ ಬಿತ್ತು, ತಪ್ಪು ಮಾಡಿದವರ ಹೆಗಲಿಗಲ್ಲ. ರಿಜಿಸ್ಟರನ್ನು ಅಷ್ಟರೊಳಗೆ ಗೆದ್ದಲು ಹಿಡಿಯಿತೆಂದು ರದ್ದಿಗೆ ಹಾಕಿದ್ದರಂತೂ ಹೇಳಲು ಏನೂ ಉಳಿಯಲಿಲ್ಲ.

ಹೆಂಗಸರ ಹೆಸರಿನಲ್ಲಿ ನಷ್ಟ ಬೇರೆ ಬಗೆಯದು. ಮದುವೆಗೆ ಮೊದಲು ತಂದೆಯ ಅಕ್ಷರ, ನಂತರ ಗಂಡನ ಅಕ್ಷರ ಇಟ್ಟುಕೊಂಡವರು ಬಹಳ. ಹಳೆಯ ಸಾಲಿನಲ್ಲಿ ಯಾವ ಅಕ್ಷರವಿದೆ ಎಂಬುದೇ ಆಕೆ ಮದುವೆಗೆ ಮೊದಲೇ ಸದಸ್ಯೆಯಾಗಿದ್ದಳು, ತನ್ನ ಸಂಬಳದಿಂದ ಚಂದಾ ಕೊಟ್ಟಳು ಎಂಬುದಕ್ಕೆ ಸುಳಿವಾಗಿರಬಹುದು. ಈಗಿನ ಆಧಾರ್ ನೋಡಿ ಹಳೆಯ ಸಾಲನ್ನು 'ಸರಿಪಡಿಸಿದರೆ' ಆ ಸುಳಿವು ಅಳಿಸಿತು.

ಹಾಗಾದರೆ ಅಂಕಣವೇ ಬೇಡವೇ? ಬೇಕು. ರಿಜಿಸ್ಟರಿನ ಹೆಸರು ಒಂದೇ ಅಂಕಣದಲ್ಲಿ, ಇದ್ದ ಲಿಪಿಯಲ್ಲಿ, ಇದ್ದ ಕ್ರಮದಲ್ಲಿ, ಚುಕ್ಕೆ ಸಮೇತ ಇರಬೇಕು. ಅದನ್ನು ಯಾರೂ ತಿದ್ದಕೂಡದು, ತಪ್ಪು ಕಂಡರೂ. ಪಕ್ಕದಲ್ಲಿ ಪುಟ ಸಂಖ್ಯೆ, ಸಾಲಿನ ಸಂಖ್ಯೆ. ಬೇರೆಲ್ಲ ಇನ್ನೂ ಆಚೆಗಿನ ಅಂಕಣಗಳಲ್ಲಿ: ಊರು, ತಂದೆ, ಮನೆತನ, ಜೊತೆಗೆ ಇದನ್ನು ಹೇಳಿದವರು ಯಾರು ಎಂಬುದು. ತಿಳಿಯದಿದ್ದರೆ ಖಾಲಿ. ಖಾಲಿ ಬಿಟ್ಟ ಮನೆಯನ್ನು ಕಂಡರೆ ಕೆಲವು ಕಾರ್ಯದರ್ಶಿಗಳಿಗೆ ಕೈ ತುರಿಸುತ್ತದೆ, ಆದರೆ ಅದೇ ಪ್ರಾಮಾಣಿಕ ಉತ್ತರ. ಆಧಾರ್ ಕೂಡ ಹೆಸರಿಗೆ ಒಂದೇ ಮನೆ ಕೊಟ್ಟಿದೆ ಎಂಬುದನ್ನು ಮೂರು ಅಂಕಣದ ಭಕ್ತರು ಗಮನಿಸಬೇಕು.

ಅಕಾರಾದಿ ಜೋಡಣೆ ಹೇಗೆ ಎಂಬ ತಕರಾರು ನ್ಯಾಯವಾದದ್ದು. ಇನಿಷಿಯಲ್ ಮೊದಲಿಗಿದ್ದರೆ ಪಟ್ಟಿಯ ಅರ್ಧ ಭಾಗ ಎಚ್, ಎಸ್, ಎನ್‌ಗಳ ದೆಸೆಯಿಂದ 'ಎ'ಕಾರದಲ್ಲೇ ಗುಡ್ಡೆಯಾಗುತ್ತದೆ. ಗ್ರಂಥಾಲಯದವರು ಇದನ್ನು ಎಂದೋ ಬಿಡಿಸಿದ್ದಾರೆ. ಶಿಯಾಳಿ ರಾಮಾಮೃತ ರಂಗನಾಥನ್ ತಮ್ಮ ಪದ್ಧತಿಯ ಕಾರ್ಡಿನಲ್ಲಿ 'ರಂಗನಾಥನ್ (ಎಸ್ ಆರ್)' ಆಗುತ್ತಾರೆ. ಮುಖ್ಯ ಪದ ಮುಂದೆ ಬಂತು, ಅಕ್ಷರಗಳು ಅಕ್ಷರಗಳಾಗಿಯೇ ಉಳಿದವು, ಸ್ವಂತ ಹೆಸರನ್ನು ಅಡ್ಡಹೆಸರು ಎಂದು ಯಾರೂ ಕರೆಯಲಿಲ್ಲ. ಜೋಡಣೆಗೆಂದೇ ಇಂಥದೊಂದು ಅಂಕಣ ಮಾಡಿಕೊಂಡರೆ ಮೂಲಕ್ಕೆ ಕೈ ಹಚ್ಚುವ ಅಗತ್ಯವಿಲ್ಲ.

ಹುಡುಕುವುದಕ್ಕೂ ಹಾಗೆಯೇ. ಒಬ್ಬರು ಜಾಗ ಬಿಟ್ಟು, ಇನ್ನೊಬ್ಬರು ಬಿಡದೆ ಬರೆದದ್ದು ಒಂದೇ ಎಂದು ಕಾಣಬೇಕಾದರೆ ಮೂಲ ಹೆಸರು B ಅಂಕಣದಲ್ಲಿದೆ ಎಂದುಕೊಂಡು ಬೇರೊಂದು ಅಂಕಣದಲ್ಲಿ ಇಷ್ಟು ಬರೆದರೆ ಸಾಕು:

```
=SUBSTITUTE(SUBSTITUTE(B2,".","")," ","")
```

ಚುಕ್ಕೆ ಮತ್ತು ಜಾಗ ಹೋಗಿ 'ಬಿ. ಎಸ್. ರಾಜಪ್ಪ', 'ಬಿ.ಎಸ್.ರಾಜಪ್ಪ' ಎರಡೂ ಒಂದೇ ಆಗುತ್ತವೆ. ಎಸ್‌ನ ಮುಂದೆ ರಾ ಬಂದು ಒತ್ತಕ್ಷರವಾಗಿ 'ಬಿಎಸ್ರಾಜಪ್ಪ' ಎಂಬ ವಿಚಿತ್ರ ಪ್ರಾಣಿ ಕಾಣಿಸುತ್ತದೆ. ಅದು ಯಂತ್ರ ಹೋಲಿಸಿ ನೋಡಲು ಮಾತ್ರ, ಸದಸ್ಯರ ಕಾರ್ಡಿನ ಮೇಲೆ ಅಚ್ಚು ಹಾಕಲು ಅಲ್ಲ. ಎರಡು ಸಾಲು ಹೀಗೆ ಒಂದೇ ಎಂದು ಕಂಡ ಮಾತ್ರಕ್ಕೆ ಒಂದನ್ನು ಅಳಿಸುವುದೂ ಸಲ್ಲದು. ಸೇರಿದ ದಿನಾಂಕ, ವಿಳಾಸ ನೋಡಬೇಕು, ಬಿ. ಎಸ್. ರಾಜಪ್ಪ ಇಬ್ಬರಿರಬಹುದು.

ಕೊನೆಗೆ ಉಳಿಯುವ ವಾದ ಪತ್ರದ್ದು. ಮೊದಲ ಹೆಸರು ಬೇರೆ ಇಲ್ಲದಿದ್ದರೆ ಆಮಂತ್ರಣದಲ್ಲಿ ಹೇಗೆ ಸಂಬೋಧಿಸುವುದು? ಮೂರು ಅಂಕಣದ ಹಾಳೆಯಿಂದ ಹೊರಟ ಪತ್ರ ಈಗ 'ಪ್ರಿಯ ಬಿ.' ಎಂದು ಶುರುವಾಗುತ್ತದೆ, ಎಂಬತ್ತು ದಾಟಿದ ಹಿರಿಯರಿಗೆ. ಕನ್ನಡದಲ್ಲಿ ಪತ್ರ ಬರೆಯಲು ಹೆಸರನ್ನು ಮುರಿಯುವ ಅಗತ್ಯ ಎಂದೂ ಇರಲಿಲ್ಲ. 'ಶ್ರೀ ಬಿ. ಎಸ್. ರಾಜಪ್ಪ ಅವರಿಗೆ' ಎಂದರೆ ಮುಗಿಯಿತು.